ಖ್ರಪ್, ಖ, ಚ: ಥಾಯ್ ಮಾತಿನ ವಿನಯದ ಕೊನೆಗಳನ್ನು ಕನ್ನಡಕ್ಕೆ ತರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಥಾಯ್ ಧಾರಾವಾಹಿಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವವರು, ಥಾಯ್ ಕಥೆಗಳನ್ನು ಅನುವಾದಿಸುವವರು ಮತ್ತು ಈಗಷ್ಟೇ ಥಾಯ್ ಕಲಿಯುತ್ತಿರುವವರು ಕೇಳುವ ಪ್ರಶ್ನೆಗಳಿವು. ಥಾಯ್ ಮಾತುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ‘ಫ’ ಇರುವಲ್ಲಿ ತುಟಿ ಮುಚ್ಚಿ ಉಸಿರು ಬಿಟ್ಟು ‘ಪ’ ಹೇಳಬೇಕು. ‘ಫ್ಯಾನ್’ ಅನ್ನುವಾಗ ಬರುವ ಸದ್ದಲ್ಲ ಅದು.

ಥಾಯ್ ಮಾತಿನ ಕೊನೆಗೆ ಬರುವ ‘ಖ್ರಪ್’, ‘ಖ’ ಅಂದರೆ ಏನು?

ಎರಡಕ್ಕೂ ಬಿಡಿಯಾಗಿ ಹೇಳುವಂಥ ಅರ್ಥವಿಲ್ಲ. ವಾಕ್ಯ ಮುಗಿದ ಮೇಲೆ ಸೇರಿಸುವ ಸಣ್ಣ ಮಾತುಗಳು. ಕೇಳುವವರಿಗೆ ಮರ್ಯಾದೆ ಕೊಟ್ಟು ಮಾತಾಡುತ್ತಿದ್ದೇನೆ ಅಂತ ತಿಳಿಸುವುದು ಅವುಗಳ ಕೆಲಸ. ಮಾತಾಡುವವರು ಗಂಡಸಾದರೆ ‘ಖ್ರಪ್’, ಹೆಂಗಸಾದರೆ ‘ಖ’. ಕೇಳುತ್ತಿರುವವರು ಗಂಡೋ ಹೆಣ್ಣೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಕನ್ನಡಿಗರು ಎಡವುವುದು ಇಲ್ಲೇ. ನಮ್ಮ ಮಾತಿನಲ್ಲಿ ಇದು ತಿರುಗುಮುರುಗು. ‘ಬಾರೋ’, ‘ಬಾರೇ’, ‘ಕಣೋ’, ‘ಕಣೇ’, ‘ಸಾರ್’, ‘ಮೇಡಂ’ ಎಲ್ಲವೂ ಕೇಳುವವರನ್ನು ನೋಡಿ ಬದಲಾಗುತ್ತವೆ. ಹೇಳುವವರ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ‘ನಾನು ಬಂದೆ’ ಅಂತ ಗಂಡಸೂ ಹೇಳಬಹುದು, ಹೆಂಗಸೂ ಹೇಳಬಹುದು. ಹಿಂದಿಯಲ್ಲಾದರೆ ಕ್ರಿಯಾಪದವೇ ಅದನ್ನು ಬಿಟ್ಟುಕೊಡುತ್ತದೆ. ಕನ್ನಡದಲ್ಲಿ ‘ನಾನು’ ಅಂದವರ ಗುಟ್ಟು ಗುಟ್ಟಾಗಿಯೇ ಇರುತ್ತದೆ.

ಹಾಗಾಗಿ ‘ಖ್ರಪ್’ನೊಳಗೆ ಎರಡು ಸುದ್ದಿ ಇವೆ. ಮಾತಾಡುತ್ತಿರುವುದು ಗಂಡಸು, ಮತ್ತು ಅವನು ಮರ್ಯಾದೆ ಕೊಡುತ್ತಿದ್ದಾನೆ. ಕನ್ನಡಕ್ಕೆ ತರುವಾಗ ಎರಡನ್ನೂ ಬಿಡಿಸಿಟ್ಟು ನೋಡಬೇಕು. ಎರಡನೆಯದಕ್ಕೆ ಕನ್ನಡದಲ್ಲಿ ಬೇಕಾದಷ್ಟು ದಾರಿಗಳಿವೆ. ಮೊದಲನೆಯದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

‘ಖ್ರಪ್’ ಬಂದಲ್ಲೆಲ್ಲ ‘ಸಾರ್’ ಅಂತ ಹಾಕಿದರೆ ಆಗುವುದಿಲ್ಲವೇ?

ಆಗುವುದಿಲ್ಲ, ಎರಡು ಕಾರಣಕ್ಕೆ. ಒಂದು, ಕೇಳುತ್ತಿರುವವರು ಹೆಂಗಸಾಗಿರಬಹುದು. ಹುಡುಗನೊಬ್ಬ ತನ್ನ ಮೇಷ್ಟ್ರಮ್ಮನಿಗೂ ‘ಖ್ರಪ್’ ಅನ್ನುತ್ತಾನೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ‘ಸಾರ್’ ಅಂದ ಕೂಡಲೇ ಕನ್ನಡದಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ ಆಗಿಬಿಡುತ್ತಾರೆ. ‘ಖ್ರಪ್’ ಹಾಗಲ್ಲ. ಅಂಗಡಿಯವನು ಗಿರಾಕಿಗೆ ಅನ್ನುತ್ತಾನೆ, ಗಿರಾಕಿ ಅಂಗಡಿಯವನಿಗೂ ಅನ್ನುತ್ತಾನೆ. ಆಫೀಸಿನ ಮೇಲಧಿಕಾರಿ ಮೀಟಿಂಗಿನಲ್ಲಿ ಕೆಳಗಿನವರ ಜೊತೆ ಮಾತಾಡುವಾಗಲೂ ‘ಖ್ರಪ್’ ಬಿಡುವುದಿಲ್ಲ. ಟಿ.ವಿ.ಯಲ್ಲಿ ವಾರ್ತೆ ಓದುವವರು ನೋಡುಗರಿಗೆ ಸಾಲು ಸಾಲಿಗೂ ‘ಖ್ರಪ್’, ‘ಖ’ ಅನ್ನುತ್ತಾರೆ. ಅದನ್ನೆಲ್ಲ ‘ಸಾರ್’ ಮಾಡಿದರೆ ಇಡೀ ಥಾಯ್ಲೆಂಡ್ ಕೈಕಟ್ಟಿ ನಿಂತಿದೆಯೇನೋ ಅನ್ನಿಸುತ್ತದೆ.

ಎಲ್ಲಿ ‘ಸಾರ್’ ಸರಿ? ‘ಖ್ರಪ್ ಫೊಮ್’ ಅಂತ ಜೋಡಿಯಾಗಿ ಬಂದಾಗ. ಪೊಲೀಸು, ಮಿಲಿಟರಿ, ಹೋಟೆಲಿನ ಹುಡುಗರ ಬಾಯಲ್ಲಿ ಇದನ್ನು ತುಂಬ ಕೇಳುತ್ತೀರಿ. ಅಲ್ಲಿ ‘ಆಯ್ತು ಸಾರ್’ ಅನ್ನುವುದೇ ಒಪ್ಪುತ್ತದೆ. ಕೇಳುವವರು ಹೆಂಗಸಾದರೆ ‘ಆಯ್ತು ಮೇಡಂ’.

ಹಾಗಾದರೆ ‘ಖ್ರಪ್’, ‘ಖ’ ಮಾಡುವ ಕೆಲಸವನ್ನು ಕನ್ನಡದಲ್ಲಿ ಯಾವುದು ಮಾಡುತ್ತದೆ?

ಮೊದಲು ಕ್ರಿಯಾಪದ. ‘ಬಾ’, ‘ಬನ್ನಿ’, ‘ಹೋಗ್ತೀಯಾ’, ‘ಹೋಗ್ತೀರಾ’. ಥಾಯ್ ಕ್ರಿಯಾಪದಕ್ಕೆ ಈ ಗುಣ ಇಲ್ಲ. ‘ಹೋಗು’ ಅನ್ನುವುದಕ್ಕೆ ‘ಪೈ’ ಅಂತಿದೆ. ಗೆಳೆಯನಿಗೂ ಅದೇ ‘ಪೈ’, ಡಾಕ್ಟರಿಗೂ ಅದೇ ‘ಪೈ’. ಮರ್ಯಾದೆಯೆಲ್ಲ ಕೊನೆಯ ಮಾತಿನ ಮೇಲೆ, ‘ನಾನು’ ‘ನೀನು’ಗಳಿಗೆ ಯಾವ ಪದ ಆರಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಕನ್ನಡದಲ್ಲಿ ‘ಹೋಗ್ತೀರಾ?’ ಅಂದರೆ ಸಾಕು, ‘ಖ್ರಪ್’ ಅದರೊಳಗೇ ಬಂತು. ಬೇರೇನೂ ಸೇರಿಸಬೇಕಿಲ್ಲ.

ಕಷ್ಟ ಇರುವುದು ‘ನಾನು’ ಅಥವಾ ‘ಅದು’ ಇರುವ ವಾಕ್ಯಗಳಲ್ಲಿ. ‘ನಾಳೆ ಬರ್ತೀನಿ.’ ‘ಬಸ್ಸು ಹೋಯ್ತು.’ ಈ ಎರಡು ಸಾಲನ್ನು ಗೆಳೆಯನಿಗೆ ಹೇಳಿದರೋ ಪ್ರಿನ್ಸಿಪಾಲರಿಗೆ ಹೇಳಿದರೋ ಕನ್ನಡದ ಕ್ರಿಯಾಪದ ತೋರಿಸುವುದಿಲ್ಲ. ಥಾಯ್‌ನಲ್ಲಿ ‘ಖ್ರಪ್’ ಇಲ್ಲೂ ಇರುತ್ತದೆ. ಇಂಥ ಸಾಲುಗಳಲ್ಲಿ ಮರ್ಯಾದೆ ಸದ್ದಿಲ್ಲದೆ ಉದುರಿಹೋಗುತ್ತದೆ. ಒಂದರ ಹಿಂದೆ ಒಂದು ಇಂಥ ನಾಲ್ಕೈದು ಸಾಲು ಬಂದರೆ ಹುಡುಗ ಉದ್ಧಟನಂತೆ ಕೇಳಿಸುತ್ತಾನೆ.

ಇಲ್ಲಿ ನೆರವಿಗೆ ಬರುವುದು ಕರೆಯುವ ಮಾತು: ‘ನಾಳೆ ಬರ್ತೀನಿ ಅಕ್ಕ’, ‘ಬಸ್ಸು ಹೋಯ್ತು ಮೇಷ್ಟ್ರೇ’. ಇನ್ನೊಂದು ‘ರೀ’. ಧಾರವಾಡ, ಹುಬ್ಬಳ್ಳಿ, ಬಾಗಲಕೋಟೆ ಕಡೆಯ ‘ರೀ’ಯಷ್ಟು ‘ಖ್ರಪ್’ಗೆ ಹತ್ತಿರವಾದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ‘ಬರ್ತೇನ್ರೀ’, ‘ಹೌದ್ರೀ’, ‘ಇಲ್ರೀ’, ‘ಬಸ್ ಹೋತ್ರೀ’. ಕ್ರಿಯಾಪದ ಯಾವುದೇ ಇರಲಿ, ಕರ್ತೃ ಯಾರೇ ಇರಲಿ, ಕೊನೆಗೆ ಬಂದು ಅಂಟಿಕೊಳ್ಳುತ್ತದೆ. ಮೇಲೆ ಕೆಳಗೆ ಅಂತ ಮಾಡದೆ ಮರ್ಯಾದೆ ತೋರಿಸುತ್ತದೆ. ಹಳೇ ಮೈಸೂರಿನ ‘ಕಣ್ರೀ’ ಇದಕ್ಕೆ ಬದಲಿ ಆಗುವುದಿಲ್ಲ. ಅದರಲ್ಲಿ ‘ಗೊತ್ತಾಯ್ತಾ, ವಿಷಯ ಹೀಗಿದೆ’ ಅನ್ನುವ ಒತ್ತು ಇರುತ್ತದೆ.

ಹಾಗಾದರೆ ಎಲ್ಲ ಕಡೆ ‘ರೀ’ ಹಾಕಬಹುದಾ? ಇಡೀ ಅನುವಾದವನ್ನೇ ಉತ್ತರ ಕರ್ನಾಟಕದ ಮಾತಿನಲ್ಲಿ ಮಾಡುವುದಾದರೆ ಧಾರಾಳವಾಗಿ ಹಾಕಿ, ಸೊಗಸಾಗಿ ಕೂರುತ್ತದೆ. ಉಳಿದ ಮಾತೆಲ್ಲ ಮೈಸೂರಿನ ಕಡೆಯದಾಗಿದ್ದು, ಕೊನೆಯಲ್ಲಿ ಮಾತ್ರ ‘ರೀ’ ಬಂದರೆ ಪಾತ್ರ ಯಾವ ಊರಿನದು ಅಂತ ಓದುಗರು ಗೊಂದಲಕ್ಕೆ ಬೀಳುತ್ತಾರೆ.

ಥಾಯ್‌ನಲ್ಲಿ ಹತ್ತು ಸಲ ‘ಖ’ ಅಂದರೆ ಕನ್ನಡದಲ್ಲೂ ಹತ್ತು ಸಲ ತೋರಿಸಬೇಕೇ?

ಬೇಡ. ಇಬ್ಬರ ನಡುವೆ ಮಾತಿನ ಮಟ್ಟ ಯಾವುದು ಅಂತ ಒಮ್ಮೆ ನಿಶ್ಚಯಿಸಿ, ಅದನ್ನು ಬಿಗಿಯಾಗಿ ಹಿಡಿದುಕೊಂಡರೆ ಸಾಕು. ‘ನೀವು’ ಅಂತ ಶುರುವಾದರೆ ‘ನೀವು’ ಅಂತಲೇ ಹೋಗಲಿ. ಕರೆಯುವ ಮಾತು (‘ಅಕ್ಕ’, ‘ಸಾರ್’, ‘ಡಾಕ್ಟ್ರೇ’) ದೃಶ್ಯದ ಮೊದಲ ಸಾಲಿನಲ್ಲಿ ಒಮ್ಮೆ ಬರಲಿ. ಆಮೇಲೆ ಕ್ರಿಯಾಪದ ಮರ್ಯಾದೆ ತೋರಿಸದ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಬಂದರೆ ಸಾಕು.

ಲೆಕ್ಕ ಇಡಬೇಕಾದ್ದು ಬದಲಾವಣೆಗೆ. ‘ಖ’ ಇದ್ದ ಕಡೆ ಇದ್ದಕ್ಕಿದ್ದಂತೆ ಬಿಟ್ಟುಹೋಯಿತೇ? ಇಲ್ಲದ ಕಡೆ ಬಂದು ಕೂತಿತೇ? ಆ ಸಾಲುಗಳಿಗೆ ಗುರುತು ಹಾಕಿಕೊಳ್ಳಿ. ಕಥೆ ತಿರುಗುವುದು ಬಹಳ ಸಲ ಅಲ್ಲೇ. ಕೆಲಸ ಶುರುಮಾಡುವ ಮೊದಲು ನಾನು ಒಂದು ಹಾಳೆಯಲ್ಲಿ ಪಾತ್ರಗಳ ಜೋಡಿಗಳನ್ನು ಬರೆದುಕೊಳ್ಳುತ್ತೇನೆ. ಯಾರು ಯಾರಿಗೆ ಥಾಯ್‌ನಲ್ಲಿ ಏನನ್ನುತ್ತಾರೆ, ಕನ್ನಡದಲ್ಲಿ ‘ನೀನು’ ಆಗಬೇಕೋ ‘ನೀವು’ ಆಗಬೇಕೋ, ಕರೆಯುವುದು ಹೇಗೆ, ಎಷ್ಟನೇ ದೃಶ್ಯದಲ್ಲಿ ಬದಲಾಗುತ್ತದೆ. ಈ ಹಾಳೆ ಇಲ್ಲದಿದ್ದರೆ ಮೂರನೇ ಕಂತಿನಲ್ಲಿ ‘ನೀವು’ ಅಂದವಳು ಏಳನೇ ಕಂತಿನಲ್ಲಿ ಸುಮ್ಸುಮ್ನೆ ‘ನೀನು’ ಅಂದುಬಿಡುತ್ತಾಳೆ. ಇಬ್ಬರೂ ಅಷ್ಟರಲ್ಲಿ ಹತ್ತಿರವಾಗಿದ್ದಾರೆ ಅಂತ ನೋಡುಗರು ತಿಳಿಯುತ್ತಾರೆ.

‘ಚ’ ಅಂತಲೂ ಕೇಳಿಸುತ್ತದಲ್ಲ, ಅದು ಯಾವ ಮಟ್ಟ?

ಇಂಗ್ಲಿಷ್ ಕಾಗುಣಿತ ನೋಡಿ ಇದನ್ನು ‘ಜ’ ಅಂತ ಓದಬೇಡಿ, ಸದ್ದು ನಮ್ಮ ‘ಚ’ಗೇ ಹತ್ತಿರ. ಇದು ಬಿಸುಪಿನ ಮಾತು. ದೊಡ್ಡವರು ಚಿಕ್ಕವರಿಗೆ, ಆಪ್ತರು ಆಪ್ತರಿಗೆ ಅನ್ನುವಂಥದ್ದು. ಹೆಂಗಸರ ಬಾಯಲ್ಲಿ ಜಾಸ್ತಿ, ಗಂಡಸರೂ ಹೇಳುತ್ತಾರೆ. ಎಳೆದು ‘ಚಾ’ ಅಂದರೆ ಇನ್ನಷ್ಟು ಸಲಿಗೆ.

ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದಂಥ ಮಾತಿದೆ: ‘ಅಪ್ಪ’, ‘ಅಮ್ಮ’. ‘ಬಾಪ್ಪ’, ‘ಕೂತ್ಕೊಳಮ್ಮ’, ‘ಆಯ್ತಪ್ಪ’, ‘ಎಲ್ಲಿಗ್ ಹೋಗ್ತಿದ್ದೀಯಮ್ಮ?’ ಕ್ರಿಯಾಪದ ‘ನೀನು’ ಮಟ್ಟದ್ದೇ, ಆದರೆ ಒರಟಿಲ್ಲ. ಬರೀ ‘ಬಾ’ ಅಂದರೆ ‘ಚ’ದ ಬಿಸುಪು ಹೋಗುತ್ತದೆ, ‘ಬನ್ನಿ’ ಅಂದರೆ ದೂರವಾಗುತ್ತದೆ. ‘ಬಾಪ್ಪ’, ‘ಬಾಮ್ಮ’ ಎರಡರ ನಡುವೆ ಸರಿಯಾಗಿ ಕೂರುತ್ತದೆ. ಒಂದು ಎಚ್ಚರ: ಥಾಯ್ ‘ಚ’ ಕೇಳುವವರ ಲಿಂಗ ಹೇಳುವುದಿಲ್ಲ, ನಮ್ಮ ‘ಅಪ್ಪ’ ‘ಅಮ್ಮ’ ಹೇಳುತ್ತವೆ. ಎದುರಿಗೆ ಯಾರಿದ್ದಾರೆ ಅಂತ ದೃಶ್ಯ ನೋಡಿಯೇ ಬರೆಯಬೇಕು, ಬರೀ ಮಾತಿನ ಪಟ್ಟಿ ನೋಡಿ ಬರೆಯುವಂತಿಲ್ಲ.

ಇದಕ್ಕಿಂತ ಕೆಳಗೆ ‘ವ’ ಇದೆ. ಗೆಳೆಯರ ನಡುವಿನ ಒರಟು ಸಲಿಗೆ ಅದು. ‘ಕಣೋ’, ‘ಕಣೇ’, ‘ಲೋ’, ‘ಲೇ’ ಎಲ್ಲವೂ ಅಲ್ಲಿಗೆ ಹೊಂದುತ್ತವೆ.

ಒಂದು ದೃಶ್ಯವನ್ನು ಪೂರ್ತಿ ಮಾಡಿ ತೋರಿಸುತ್ತೀರಾ?

ಬ್ಯಾಂಕಾಕಿನ ಒಂದು ಆಫೀಸು ಅಂದುಕೊಳ್ಳಿ. ನೊಕ್ ಅನ್ನುವ ನಲವತ್ತರ ಹೆಂಗಸು ಅಲ್ಲಿ ಹಿರಿಯಳು. ತೊನ್ ಅನ್ನುವ ಹುಡುಗ ಹೊಸದಾಗಿ ಸೇರಿದ್ದಾನೆ. ಈ ದೃಶ್ಯ ವಿವರಣೆಗೆಂದು ನಾನೇ ಕಟ್ಟಿದ್ದು.

ಹುಡುಗ ಮೇಜಿನ ಹತ್ತಿರ ಬಂದು ‘ಫೀ ನೊಕ್ ಖ್ರಪ್’ ಅನ್ನುತ್ತಾನೆ. ‘ಫೀ’ ಅಂದರೆ ತನಗಿಂತ ದೊಡ್ಡವರು, ಒಡಹುಟ್ಟಿದವರಂತೆ. ಆಮೇಲೆ ಒಂದು ವಿಷಯ ಕೇಳಬೇಕು ಅನ್ನುತ್ತಾನೆ, ಕೊನೆಗೆ ಮತ್ತೆ ‘ಖ್ರಪ್’. ಅವಳು ‘ವಾ ಙೈ ಚ’ ಅನ್ನುತ್ತಾಳೆ, ಏನು ವಿಷಯ ಅಂತ. ಈ ಫೈಲು ಇವತ್ತೇ ಕಳಿಸಬೇಕಾ ಅಂತ ಅವನು ಕೇಳುತ್ತಾನೆ, ಅಲ್ಲೂ ‘ಖ್ರಪ್’. ಇವತ್ತೇ, ಐದು ಗಂಟೆಯೊಳಗೆ ಅಂತ ಅವಳು, ‘ಚ’ ಸೇರಿಸಿ. ಅವನು ‘ಖ್ರಪ್, ಖ್ರಪ್ ಫೀ’ ಅಂತ ಹೊರಡುತ್ತಾನೆ.

ಕನ್ನಡದಲ್ಲಿ ಹೀಗೆ ಬರಬಹುದು.

“ನೊಕ್ ಅಕ್ಕ, ಒಂದು ವಿಷಯ ಕೇಳ್ಬೇಕಿತ್ತು.”
“ಏನಪ್ಪ?”
“ಈ ಫೈಲು ಇವತ್ತೇ ಕಳಿಸ್ಬೇಕಾ ಅಕ್ಕ?”
“ಇವತ್ತೇ ಕಣಪ್ಪ. ಐದು ಗಂಟೆಯೊಳಗೆ.”
“ಹೂಂ, ಆಯ್ತಕ್ಕ.”

ಹುಡುಗನ ಸಾಲುಗಳಲ್ಲಿ ಮರ್ಯಾದೆ ತೋರಿಸುವ ಕ್ರಿಯಾಪದ ಒಂದೂ ಇಲ್ಲ ನೋಡಿ. ಅದಕ್ಕೇ ಮೂರು ಸಾಲಿಗೂ ‘ಅಕ್ಕ’ ಬಂತು. ‘ನೀವು ಹೇಳಿದ್ರಲ್ಲ, ಆ ಫೈಲು’ ಅಂತ ಅವನ ಮಾತು ಇದ್ದಿದ್ದರೆ ಆ ಸಾಲಿಗೆ ‘ಅಕ್ಕ’ ಬೇಕಾಗುತ್ತಿರಲಿಲ್ಲ.

ಈಗ ಮರುದಿನ. ಫೈಲು ಹೋಗಿಲ್ಲ. ನೊಕ್ ಅವನನ್ನು ಕರೆದು ‘ಯಾಕೆ ಇನ್ನೂ ಕಳಿಸಿಲ್ಲ’ ಅಂತ ಕೇಳುತ್ತಾಳೆ. ಕೊನೆಗೆ ‘ಚ’ ಇಲ್ಲ, ‘ಖ’ ಇದೆ. ಪಟ್ಟಿ ಹಿಡಿದು ಅನುವಾದಿಸುವವರು ‘ಖ’ ವಿನಯದ ಮಾತು, ಹಾಗಾದರೆ ಅವಳು ಇವತ್ತು ಮೃದುವಾಗಿದ್ದಾಳೆ ಅಂತ ತಿಳಿದುಬಿಡಬಹುದು. ನಡೆದಿರುವುದು ಅದರ ಉಲ್ಟಾ. ನಿನ್ನೆಯ ಬಿಸುಪನ್ನು ಅವಳು ಹಿಂದಕ್ಕೆ ತೆಗೆದುಕೊಂಡಿದ್ದಾಳೆ. ವಿನಯ ಹೆಚ್ಚಿದಷ್ಟೂ ಮಾತು ತಣ್ಣಗಾಗಿದೆ.

ಕನ್ನಡಕ್ಕೆ ಇದು ಚೆನ್ನಾಗಿ ಗೊತ್ತು. ನಮ್ಮಲ್ಲೂ ಸಿಟ್ಟು ಬಂದಾಗ ‘ನೀನು’ ಅನ್ನುತ್ತಿದ್ದವರು ‘ನೀವು’ ಅನ್ನುತ್ತಾರೆ. ಆದ್ದರಿಂದ:

“ಯಾಕೆ ನೀವು ಇನ್ನೂ ಫೈಲು ಕಳಿಸಿಲ್ಲ?”

‘ಅಪ್ಪ’ ಹೋಯಿತು, ‘ನೀವು’ ಬಂತು. ಹುಡುಗನಿಗೆ ಮೈ ಜುಂ ಅನ್ನಲು ಇಷ್ಟು ಸಾಕು. ‘ಸಿಟ್ಟಿನಿಂದ’ ಅಂತ ಬೇರೆ ಬರೆಯಬೇಕಿಲ್ಲ. ಇದು ಕೆಲಸ ಮಾಡುವುದು ನಿನ್ನೆ ‘ಏನಪ್ಪ’ ಅಂತ ಬರೆದಿದ್ದರೆ ಮಾತ್ರ. ಮೊದಲ ದಿನವೇ ಅವಳ ಬಾಯಲ್ಲಿ ‘ಏನು ಹೇಳಿ’ ಅಂತ ಹಾಕಿದ್ದರೆ ಎರಡನೇ ದಿನ ತೋರಿಸಲು ಏನೂ ಉಳಿಯುತ್ತಿರಲಿಲ್ಲ.

ಹೊರಗೆ ಬಂದ ತೊನ್ ಗೆಳೆಯನಿಗೆ ‘ಕೆಟ್ಟೆ’ ಅಂತ ಹೇಳಿ ‘ವ’ ಸೇರಿಸುತ್ತಾನೆ. ಕನ್ನಡದಲ್ಲಿ “ನನ್ನ ಕಥೆ ಮುಗೀತು ಕಣೋ.” ಅದೇ ಉಸಿರಿನಲ್ಲಿ ನೊಕ್ ಬಗ್ಗೆಯೂ ಹೇಳುತ್ತಾನೆ. ಥಾಯ್‌ನಲ್ಲಿ ‘ಅವರು’, ‘ಅವಳು’ ಎರಡಕ್ಕೂ ‘ಖಾವ್’ ಸಾಕು. ಕೊನೆಯ ‘ವ’ ಗೆಳೆಯನ ಜೊತೆಗಿನ ಸಲಿಗೆ ಹೇಳುತ್ತದೆಯೇ ಹೊರತು ನೊಕ್ ಬಗ್ಗೆ ಏನೂ ಹೇಳುವುದಿಲ್ಲ. ಕನ್ನಡ ನಿಮ್ಮನ್ನು ಕೇಳುತ್ತದೆ: ‘ಅವರು ಬೈದ್ರು ಕಣೋ’ ಅಂತಲೋ, ‘ಅವಳು ಬೈದ್ಲು ಕಣೋ’ ಅಂತಲೋ? ಬೆನ್ನ ಹಿಂದೆಯೂ ಅವನು ‘ಫೀ ನೊಕ್’ ಅನ್ನುತ್ತಿದ್ದರೆ ‘ಅವರು’ ಅನ್ನಿ. ಬರೀ ‘ನೊಕ್’ ಅಂದರೆ ‘ಅವಳು’ ಅನ್ನಬಹುದು.

‘ಫೀ’ ಅಂದರೆ ಅಣ್ಣನೋ ಅಕ್ಕನೋ?

ಎರಡೂ. ‘ನೊಂಗ್’ ಕೂಡ ಹಾಗೇ, ತಮ್ಮನೂ ಆಗಬಹುದು, ತಂಗಿಯೂ ಆಗಬಹುದು. ವಯಸ್ಸು ಮಾತ್ರ ಹೇಳುವ ಪದಗಳಿವು. ಇದು ‘ಖ್ರಪ್’ ‘ಖ’ ಜೊತೆ ಸೇರಿಕೊಂಡು ತಮಾಷೆಯಾಗಿ ಕಾಡುತ್ತದೆ. ‘ಫೀ ಖ’ ಅಂತ ಒಂದು ಸಾಲು ಬಂತು ಅಂದುಕೊಳ್ಳಿ. ಕರೆದವಳು ಹೆಂಗಸು ಅಂತ ಗೊತ್ತಾಯಿತು. ಕರೆಸಿಕೊಂಡವರು ಯಾರೋ ಗೊತ್ತಿಲ್ಲ. ಕನ್ನಡದಲ್ಲಿ ‘ಅಣ್ಣಾ’ ಅಂದಾಗ ಕರೆಸಿಕೊಂಡವನು ಗೊತ್ತು, ಕರೆದವರು ಗೊತ್ತಿಲ್ಲ.

ಇನ್ನೂ ಒಂದು ತೊಡಕಿದೆ. ಥಾಯ್ ಹುಡುಗಿಯರು ತಮಗಿಂತ ದೊಡ್ಡವನಾದ ಪ್ರಿಯಕರನನ್ನೂ ಗಂಡನನ್ನೂ ‘ಫೀ’ ಅನ್ನುವುದು ತೀರಾ ಸಾಮಾನ್ಯ. ಅಲ್ಲಿ ‘ಅಣ್ಣ’ ಅಂತ ಬರೆದರೆ ಕಥೆ ಹಾಳು. ಹೆಸರು ಹಿಡಿದು ಕರೆಸಿ, ಇಲ್ಲವೇ ‘ರೀ’, ‘ನೋಡಿ’ ಅನ್ನಿಸಿ.

ಹೆಂಡತಿಯ ‘ಖ’ಗೆ ‘ರೀ’ ಸರಿಯಲ್ಲವೇ?

ಗಂಡ ಏನನ್ನುತ್ತಾನೆ ಅಂತ ಮೊದಲು ಕೇಳಿಸಿಕೊಳ್ಳಿ. ಅವನೂ ತಿರುಗಿ ‘ಖ್ರಪ್’ ಅನ್ನುತ್ತಿದ್ದರೆ ಮರ್ಯಾದೆ ಎರಡೂ ಕಡೆಯಿಂದ ಇದೆ. ಹೆಂಡತಿ ‘ರೀ, ಊಟಕ್ಕೆ ಬನ್ನಿ’, ಗಂಡ ‘ಬಂದೆ ಕಣೇ’ ಅಂತ ಬರೆದರೆ ಅವರ ಮನೆಯಲ್ಲಿ ಇಲ್ಲದ ಮೇಲು ಕೀಳನ್ನು ನಾವು ತಂದಿಟ್ಟಂತೆ. ಇಬ್ಬರಿಗೂ ‘ನೀವು’ ಕೊಡಿ, ಇಲ್ಲವೇ ಇಬ್ಬರಿಗೂ ‘ನೀನು’ ಕೊಡಿ. ಈಗಿನ ಗಂಡ ಹೆಂಡತಿ ಆದರೆ ನಾನು ‘ನೀನು’ ಆರಿಸುತ್ತೇನೆ, ಮಾತಿನ ಮೃದುತನವನ್ನು ಬೇರೆ ಕಡೆಯಿಂದ ತರುತ್ತೇನೆ: ‘ಊಟ ಮಾಡೋಣ್ವಾ?’ ಅನ್ನುವಂತೆ. ‘ಮಾಡೋಣ’ ಅಂದಾಗ ‘ನೀನು’ ‘ನೀವು’ ಎರಡರ ಗೊಡವೆಯೂ ಇಲ್ಲ.

ಗಂಡ ಏನೂ ಸೇರಿಸದೆ, ಹೆಂಡತಿ ಮಾತ್ರ ‘ಖ’ ಅನ್ನುತ್ತಿದ್ದರೆ ‘ರೀ’ ಸರಿಯೇ.

ತಾಯಿ ಮಗನಿಗೆ ‘ಖ್ರಪ್’ ಅನ್ನುತ್ತಾಳೆ. ಹೆಂಗಸು ‘ಖ’ ಅಲ್ಲವೇ ಅನ್ನಬೇಕಾದ್ದು?

ಅವಳು ಮಗನಿಗೆ ಮಾತು ಕಲಿಸುತ್ತಿದ್ದಾಳೆ. ‘ಊಟ ಮಾಡ್ತೀಯಾ’ ಅಂತ ಕೇಳಿ ‘ಖ್ರಪ್’ ಸೇರಿಸಿದರೆ ಮಗುವೂ ಕೇಳಿ ಕೇಳಿ ‘ಖ್ರಪ್’ ಅನ್ನಲು ಕಲಿಯುತ್ತದೆ. ಅಪ್ಪಂದಿರು ಹೆಣ್ಣುಮಕ್ಕಳಿಗೆ ‘ಖ’ ಅನ್ನುವುದೂ ಹೀಗೇ. ಮಕ್ಕಳು ದೊಡ್ಡವರಾದ ಮೇಲೂ ಮುದ್ದಿಗೆ ಕೆಲವರು ಇದನ್ನು ಮುಂದುವರಿಸುತ್ತಾರೆ. ಹುಡುಗರು ಪ್ರೇಯಸಿಯರಿಗೆ ‘ಖ’ ಅನ್ನುವುದೂ ಉಂಟು.

ಕನ್ನಡದ ತಾಯಿ ಮಗನಿಗೆ ‘ಊಟ ಮಾಡ್ತೀಯೇನಪ್ಪ?’ ಅನ್ನುತ್ತಾಳೆ. ಮಗಳಿಗೆ ‘ಬಾರಮ್ಮ’ ಅನ್ನುತ್ತಾಳೆ. ಮಗುವನ್ನೇ ಅಪ್ಪ, ಅಮ್ಮ ಅಂತ ಕರೆಯುವುದು. ಮುದ್ದು, ಮರ್ಯಾದೆ, ಮಗುವಿನ ಲಿಂಗ, ಮೂರೂ ಒಂದೇ ಮಾತಿನಲ್ಲಿ ಬಂದವು. ತಾಯಿಯ ‘ಖ್ರಪ್’ಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ.

ಇದರಿಂದ ಒಂದು ಎಚ್ಚರಿಕೆಯೂ ಸಿಗುತ್ತದೆ. ಚಿತ್ರ ನೋಡದೆ, ಬರೀ ಬರಹ ನೋಡಿ, ‘ಖ್ರಪ್’ ಇರುವ ಸಾಲೆಲ್ಲ ಗಂಡಸಿನದು ಅಂತ ತೀರ್ಮಾನಿಸಬಾರದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಕಥೋಯ್‌ಗಳು ‘ಖ’ ಅನ್ನುತ್ತಾರೆ. ಹುಡುಗಿಯರು ಗೆಳತಿಯರ ನಡುವೆ ಆಟಕ್ಕೆ ‘ಖ್ರಪ್’ ಅನ್ನುತ್ತಾರೆ. ಮಾತಾಡುವವರು ತಮ್ಮನ್ನು ಹೇಗೆ ತೋರಿಸಿಕೊಳ್ಳುತ್ತಿದ್ದಾರೆ ಅನ್ನುವುದನ್ನು ಈ ಕೊನೆಗಳು ಹೇಳುತ್ತವೆ.

ಹೇಳಿದವರು ಗಂಡೋ ಹೆಣ್ಣೋ ಅನ್ನುವುದರ ಮೇಲೇ ಕಥೆ ನಿಂತಿದ್ದರೆ?

ಮುಖ ಕಾಣುತ್ತಿದ್ದರೆ, ದನಿ ಕೇಳುತ್ತಿದ್ದರೆ ಚಿಂತೆ ಇಲ್ಲ, ಬಿಟ್ಟುಬಿಡಿ. ತೊಂದರೆ ಬರುವುದು ಕಾಗದ ಮತ್ತು ಚಾಟ್ ಮೆಸೇಜುಗಳಲ್ಲಿ. ಹೆಸರಿಲ್ಲದ ಮೆಸೇಜು ಬರುತ್ತದೆ: ‘ನಾಳೆ ಸಿಗೋಣ ಖ್ರಪ್’. ಓದಿದ ಹುಡುಗಿ ‘ಓಹ್, ಗಂಡಸು’ ಅಂತ ಬೆಚ್ಚುತ್ತಾಳೆ. ಕನ್ನಡದಲ್ಲಿ ಬರೀ ‘ನಾಳೆ ಸಿಗೋಣ’ ಅಂದರೆ ಅವಳು ಬೆಚ್ಚಿದ್ದು ಯಾಕೆ ಅಂತ ತಿಳಿಯುವುದಿಲ್ಲ.

ಕಥೆಯಾದರೆ ‘ಖ್ರಪ್’ ಅನ್ನುವ ಮಾತನ್ನು ಹಾಗೇ ಉಳಿಸಿ: “ಕೊನೆಯಲ್ಲಿ ‘ಖ್ರಪ್’ ಅಂತಿತ್ತು. ಬರೆದವನು ಗಂಡಸು.” ಓದುಗರಿಗೆ ಇಷ್ಟು ಸಾಕು. ಸಬ್‌ಟೈಟಲ್‌ನಲ್ಲಿ ಎರಡೇ ಸಾಲಿನ ಜಾಗ, ವಿವರಿಸಲು ಆಗುವುದಿಲ್ಲ. ಅಲ್ಲಿ ಸುಳಿವನ್ನು ಬೇರೆ ಪದಕ್ಕೆ ವರ್ಗಾಯಿಸಬೇಕು. ‘ಕಾಯ್ತಿರ್ತೀನಿ’ ಬದಲು ‘ಕಾಯ್ತಿರೋನು ನಾನು’ ಅಂದರೆ ಆ ‘ಓನು’ ಗಂಡಸನ್ನು ಬಯಲು ಮಾಡುತ್ತದೆ. ‘ಕಾಯ್ತಿರೋಳು’ ಅಂದರೆ ಹೆಂಗಸು. ಕನ್ನಡದಲ್ಲಿ ‘ನಾನು’ ಅನ್ನುವವರ ಲಿಂಗ ಕಾಣುವ ಕೆಲವೇ ಕಿಂಡಿಗಳಲ್ಲಿ ಇದೊಂದು. ಬೇಕಾದಾಗ ಮಾತ್ರ ತೆರೆಯಿರಿ, ಪದೇ ಪದೇ ಬಳಸಿದರೆ ಮಾತು ಸೊಟ್ಟಗಾಗುತ್ತದೆ.

ಬರೀ ‘ಖ್ರಪ್’ ಅಂತ ಉತ್ತರ ಬಂದರೆ ‘ಹೌದು’ ಅಂತಾನಾ?

ಯಾವಾಗಲೂ ಅಲ್ಲ. ಫೋನಿನಲ್ಲಿ ‘ಖ್ರಪ್... ಖ್ರಪ್... ಖ್ರಪ್’ ಅನ್ನುತ್ತಿದ್ದರೆ ‘ಕೇಳಿಸ್ಕೊಳ್ತಿದ್ದೀನಿ’ ಅಂತ ಅರ್ಥ. ಅಲ್ಲಿ ‘ಹೂಂ... ಹೂಂ’ ಅನ್ನಿ. ಯಾರೋ ಹೆಸರು ಕರೆದಾಗ ‘ಖ್ರಪ್’ ಅಂದರೆ ‘ಹೇಳಿ’ ಅಥವಾ ‘ಏನಮ್ಮ?’ ಕೆಲಸ ಹೇಳಿದಾಗ ಅಂದರೆ ‘ಆಯ್ತು’. ಇದನ್ನೆಲ್ಲ ‘ಹೌದು’ ಮಾಡಿದರೆ ಒಪ್ಪದ ವಿಷಯಕ್ಕೂ ಪಾತ್ರ ಒಪ್ಪಿಗೆ ಕೊಟ್ಟಂತಾಗುತ್ತದೆ. ತನಿಖೆಯ ದೃಶ್ಯಗಳಲ್ಲಿ ಇದು ದೊಡ್ಡ ತಪ್ಪೇ ಆಗಬಹುದು.

ಒಂದೇ ‘ಖ’ ಎರಡು ಥರ ಕೇಳಿಸುತ್ತದಲ್ಲ?

ಹೌದು. ಹೇಳಿಕೆಯ ಕೊನೆಗೆ ದನಿ ಮೇಲಿಂದ ಕೆಳಗೆ ಬೀಳುತ್ತದೆ. ಪ್ರಶ್ನೆಯ ಕೊನೆಗೆ, ಯಾರನ್ನಾದರೂ ಕರೆಯುವಾಗ, ಮತ್ತು ‘ನ’ ಅನ್ನುವ ಮೆದು ಮಾತಿನ ಜೊತೆ ಬಂದಾಗ ದನಿ ಎತ್ತರದಲ್ಲಿರುತ್ತದೆ. ಥಾಯ್ ಲಿಪಿಯಲ್ಲಿ ಬೀಳುವ ‘ಖ’ಗೆ ಮೇಲೊಂದು ಗುರುತು ಇದೆ, ಎತ್ತರದ ‘ಖ’ಗೆ ಇಲ್ಲ. ಥಾಯ್ ಜನರೇ ಚಾಟ್‌ನಲ್ಲಿ ಇದನ್ನು ಅದಲುಬದಲು ಬರೆಯುವುದು ಮಾಮೂಲು. ಹಾಗಾಗಿ ಬರಹ ನಂಬದೆ ದನಿ ಕೇಳಿ. ಗಂಡಸರ ‘ಖ್ರಪ್’ಗೆ ಈ ಭೇದ ಇಲ್ಲ.

ಕನ್ನಡದಲ್ಲಿ ‘ಬರ್ತೀರಾ?’ ಅನ್ನುವ ‘ಆ’ ಪ್ರಶ್ನೆಯನ್ನು ತೋರಿಸಿಬಿಡುತ್ತದೆ. ಈ ಭೇದಕ್ಕಾಗಿ ಬೇರೆ ಕಷ್ಟಪಡಬೇಕಿಲ್ಲ. ‘ನ’ ಬಂದಾಗ ಮಾತ್ರ ಸ್ವಲ್ಪ ಯೋಚಿಸಿ: ‘ಆಯ್ತಾ?’, ‘ಅಲ್ವಾ?’, ‘ಸ್ವಲ್ಪ’ ಇವುಗಳಲ್ಲಿ ಒಂದು ಸಾಮಾನ್ಯವಾಗಿ ಹೊಂದುತ್ತದೆ. ‘ಹೋಗ್ತೀನಿ ನ ಖ’ ಅಂತ ಬೀಳ್ಕೊಳ್ಳುವ ಮಾತಾದರೆ ‘ಬರ್ಲಾ?’ ಅಂದರೆ ಮುಗಿಯಿತು.

ರಾಜರ ಕಾಲದ ಧಾರಾವಾಹಿಗಳಲ್ಲಿ ಬೇರೆಯೇ ಮಾತು ಬರುತ್ತದೆ. ಅದಕ್ಕೇನು ಮಾಡುವುದು?

ಆಳುಗಂಡಸು ಯಜಮಾನನಿಗೆ ‘ಖೊ ರಪ್’ ಅನ್ನುತ್ತಾನೆ. ಇದೇ ಸವೆದು ಇವತ್ತಿನ ‘ಖ್ರಪ್’ ಆಗಿರುವುದು. ಹೆಂಗಸು ‘ಚಾವ್ ಖ’ ಅನ್ನುತ್ತಾಳೆ. ರಾಜಮನೆತನದವರ ಮುಂದೆ ಗಂಡಸು ‘ಫ ಯ ಖ’, ಹೆಂಗಸು ‘ಫೇ ಖ’. ಅರಮನೆಯ ಮಾತಿಗೆ ಥಾಯ್‌ನಲ್ಲಿ ‘ರಾಚಾಸಪ್’ ಅನ್ನುತ್ತಾರೆ, ಸಂಸ್ಕೃತದ ರಾಜ, ಶಬ್ದ ಎರಡೂ ಸೇರಿದ್ದು. ಅಲ್ಲಿ ಬರೀ ಕೊನೆ ಬದಲಾದರೆ ಸಾಲದು, ಉಣ್ಣುವುದಕ್ಕೆ, ಮಲಗುವುದಕ್ಕೆ, ಬರುವುದಕ್ಕೆಲ್ಲ ಬೇರೆ ಪದಗಳು. ಕನ್ನಡದಲ್ಲೂ ‘ತಾವು’, ‘ದಯಮಾಡಿಸಿ’, ‘ಚಿತ್ತೈಸಿ’, ‘ಅಪ್ಪಣೆ’ ಇವೆ. ‘ತಾವು’ ಅನ್ನುವುದನ್ನು ಇಂಥ ಕಡೆಗೆ ಕಾದಿಡಿ. ಇವತ್ತಿನ ಆಫೀಸಿನ ದೃಶ್ಯದಲ್ಲೇ ಅದನ್ನು ಖರ್ಚು ಮಾಡಿಬಿಟ್ಟರೆ ರಾಜನಿಗೆ ಕೊಡಲು ಏನೂ ಉಳಿಯುವುದಿಲ್ಲ.

ಆಳುಗಳ ಬಾಯಲ್ಲಿ ‘ಬುದ್ಧಿ’ ಹಾಕುವುದು ಬೇಡ ಅನ್ನುತ್ತೇನೆ. ಹಳೇ ಮೈಸೂರಿನಲ್ಲಿ ಆ ಮಾತಿಗೆ ಜಾತಿಯ ನೆನಪು ಅಂಟಿಕೊಂಡಿದೆ. ಥಾಯ್ಲೆಂಡಿನಲ್ಲಿ 1905ರಲ್ಲಿ ಕಾನೂನು ಬರುವ ತನಕ ಜೀತ ಇತ್ತು ನಿಜ, ಆದರೆ ಅದು ನಮ್ಮ ಜಾತಿಯಂಥದ್ದಲ್ಲ. ‘ಒಡೆಯಾ’, ‘ದೊರೆ’, ‘ಅಮ್ಮಾವ್ರೇ’ ಸಾಕು.

ಬೌದ್ಧ ಭಿಕ್ಷುಗಳ ಜೊತೆಗಿನ ಮಾತು?

ಜನ ಭಿಕ್ಷುಗಳಿಗೆ ‘ಖ್ರಪ್’, ‘ಖೊ ರಪ್’, ಹೆಂಗಸರಾದರೆ ‘ಖ’, ‘ಚಾವ್ ಖ’ ಅನ್ನುತ್ತಾರೆ. ಭಿಕ್ಷುಗಳು ಭಕ್ತರಿಗೆ ತಿರುಗಿ ‘ಖ್ರಪ್’ ಅನ್ನುವುದು ರೂಢಿಯಲ್ಲ. ಅದರ ಜಾಗದಲ್ಲಿ ‘ಚರೋನ್ ಫೊನ್’ ಅನ್ನುತ್ತಾರೆ, ಒಳಿತು ಹೆಚ್ಚಲಿ ಅನ್ನುವ ಹರಕೆ. ಅದರಲ್ಲಿರುವ ‘ಫೊನ್’ ನಮ್ಮ ‘ವರ’ವೇ. ತಮ್ಮನ್ನು ‘ಆತ್ತಮಾ’ ಅಂದುಕೊಳ್ಳುತ್ತಾರೆ, ಅದು ‘ಆತ್ಮ’.

ಕನ್ನಡದ ಮಠಗಳಲ್ಲಿ ಸ್ವಾಮಿಗಳು ತಮ್ಮನ್ನು ‘ನಾವು’ ಅನ್ನುತ್ತಾರೆ. ಆ ‘ನಾವು’ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ‘ಚರೋನ್ ಫೊನ್’ಗೆ ‘ಒಳ್ಳೆಯದಾಗಲಿ’ ಅನ್ನಿ, ಮಾತಿನ ಮೊದಲಿಗೋ ಕೊನೆಗೋ ಒಮ್ಮೆ ಮಾತ್ರ. ಭಕ್ತರು ‘ತಾವು’ ಅನ್ನಲಿ.

ಬ್ಯಾಂಕಾಕಿಗೆ ಹೋದರೆ ನಾನು ಏನನ್ನಬೇಕು?

ನೀವು ಗಂಡಸಾದರೆ ‘ಖ್ರಪ್’, ಹೆಂಗಸಾದರೆ ‘ಖ’. ಎದುರಿಗಿರುವವರು ಯಾರೇ ಆಗಿರಲಿ. ಹೋಟೆಲಿನ ಹುಡುಗಿ ‘ಸವಾತ್‌ದೀ ಖ’ ಅಂದಾಗ ನಮ್ಮ ಗಂಡಸರು ಅದನ್ನೇ ತಿರುಗಿ ಹೇಳಿಬಿಡುತ್ತಾರೆ. ಕೇಳುವವರನ್ನು ನೋಡಿ ಮಾತು ಬದಲಿಸುವ ಕನ್ನಡದ ಅಭ್ಯಾಸ ಅದು. ಅವಳು ‘ಖ’ ಅಂದಿದ್ದು ತಾನು ಹೆಂಗಸಾದ್ದರಿಂದ. ನೀವು ‘ಸವಾತ್‌ದೀ ಖ್ರಪ್’ ಅನ್ನಿ. ‘ರ’ ನುಂಗಿ ‘ಖಪ್’ ಅಂದರೂ ನಡೆಯುತ್ತದೆ, ಅಲ್ಲಿನವರೂ ಮಾತಿನ ಭರದಲ್ಲಿ ಹಾಗೇ ಅನ್ನುತ್ತಾರೆ. ‘ಚ’, ‘ವ’ ಎರಡನ್ನೂ ಹೊಸಬರ ಹತ್ತಿರ ಬಳಸಬೇಡಿ.